ಕೊಳೆರೋಗದ ಎಪಿಸೋಡಿಗೆ ನಾಲ್ಕು ಪ್ರಶ್ನೆ: ಗೂಗಲ್ ಪೆಟ್ಟಿಗೆಯಿಂದ ಉಪಶೀರ್ಷಿಕೆ ಮಾಡಿದ ಕಥೆ

ಇವತ್ತು ಅತಿಥಿ ಯಾರೂ ಇಲ್ಲ, ನಾನೊಬ್ಬನೇ. ಕಳೆದ ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗದ ಬಗ್ಗೆ ಒಂದು ಎಪಿಸೋಡ್ ಮಾಡಿದ್ದೆ, ನೆನಪಿರಬಹುದು. ಬಂಟ್ವಾಳ ತಾಲೂಕಿನ ಒಬ್ಬ ಹಿರಿಯ ಕೃಷಿಕರು ಐವತ್ತು ನಿಮಿಷ ಮಾತಾಡಿದ್ದರು. ಆ ಎಪಿಸೋಡಿನ ಬರಹರೂಪದಲ್ಲಿ ನಾನು ಒಂದು ತಪ್ಪು ಮಾಡಿದೆ. ಆ ತಪ್ಪು ಎಂತದು, ಹೇಗೆ ಸರಿಮಾಡಿದೆ ಅಂತ ಹೇಳ್ತೇನೆ. ನಿಮ್ಮಲ್ಲಿ ಯಾರಾದರೂ ಪಾಡ್‌ಕಾಸ್ಟ್ ಅಥವಾ ಯೂಟ್ಯೂಬ್ ಮಾಡುವವರಿದ್ದರೆ ಕೆಲಸಕ್ಕೆ ಬರಬಹುದು.

ಮೊದಲು ಹಿನ್ನೆಲೆ. ಐವತ್ತು ನಿಮಿಷದ ಮಾತನ್ನು ಹಾಗೇ ಟೈಪ್ ಮಾಡಿ ಹಾಕಿದರೆ ಫೋನಿನಲ್ಲಿ ಯಾರೂ ಓದುವುದಿಲ್ಲ. ಮಳೆ ಬಿಟ್ಟ ಎರಡು ಗಂಟೆಯಲ್ಲಿ ಮದ್ದು ಬಿಡಬೇಕು, ಕೈಯಲ್ಲಿ ಫೋನ್, ಹತ್ತಿರದಲ್ಲಿ ಡ್ರಮ್. ಅಂಥವರಿಗೆ ಬೇಕಾದದ್ದು ಒಂದೇ ಒಂದು ಉತ್ತರ. ಹಾಗಾಗಿ ಬರಹವನ್ನು ಪ್ರಶ್ನೆಗಳಾಗಿ ಕತ್ತರಿಸಬೇಕು. ಆದರೆ ಯಾವ ಪ್ರಶ್ನೆಗಳಾಗಿ? ನಾನು ಬಿಕಾಂ ಓದಿದವ, ತೋಟ ನಮ್ಮ ಮನೆಯಲ್ಲಿಲ್ಲ. ನಾನೇ ಯೋಚಿಸಿ ಹಾಕಿದ ಮೊದಲ ಶೀರ್ಷಿಕೆಗಳು ಹೀಗಿದ್ದವು: 'ಮಳೆಗಾಲದ ಸವಾಲು', 'ಅನುಭವದ ಮಾತು'. ಚಂದ ಉಂಟು, ಆದರೆ ಹೀಗೆ ಹುಡುಕುವವರು ಯಾರೂ ಇಲ್ಲ.

ಪ್ರಶ್ನೆ ಸಿಗುವುದು ಎಲ್ಲಿ?

ಗೂಗಲ್‌ನಲ್ಲಿ ಏನಾದರೂ ಹುಡುಕಿದರೆ ಫಲಿತಾಂಶಗಳ ನಡುವೆ ಒಂದು ಪೆಟ್ಟಿಗೆ ಬರುತ್ತದಲ್ಲ, People also ask ಅಂತ. ಸಾಮಾನ್ಯವಾಗಿ ನಾಲ್ಕು ಪ್ರಶ್ನೆ ಇರುತ್ತವೆ. ಒಂದನ್ನು ಒತ್ತಿದರೆ ಯಾವುದೋ ಪುಟದಿಂದ ಎತ್ತಿದ ಎರಡು ಮೂರು ಸಾಲಿನ ಉತ್ತರ ತೆರೆಯುತ್ತದೆ, ಅದರ ಕೆಳಗೆ ಆ ಪುಟದ ಲಿಂಕ್. ಜೊತೆಗೆ ಕೆಳಗೆ ಇನ್ನಷ್ಟು ಪ್ರಶ್ನೆಗಳು ಸೇರಿಕೊಳ್ಳುತ್ತವೆ. ನನಗೆ ಬೇಕಾದ ಎರಡೂ ಇಲ್ಲೇ ಇವೆ. ಪ್ರಶ್ನೆ ನನ್ನ ಉಪಶೀರ್ಷಿಕೆಗೆ ಮಾದರಿ, ಉತ್ತರದ ಉದ್ದ ನನ್ನ ಉತ್ತರಕ್ಕೆ ಅಳತೆ.

ಇನ್‌ಕಾಗ್ನಿಟೋ ವಿಂಡೋ ತೆರೆದು ಒಂದೇ ವಿಷಯವನ್ನು ಮೂರು ರೀತಿಯಲ್ಲಿ ಹುಡುಕಿದೆ. ಕನ್ನಡ ಲಿಪಿಯಲ್ಲಿ 'ಅಡಿಕೆ ಕೊಳೆರೋಗ', ಇಂಗ್ಲಿಷ್ ಅಕ್ಷರದಲ್ಲಿ adike kole roga, ಆಮೇಲೆ ಇಂಗ್ಲಿಷ್‌ನಲ್ಲೇ arecanut fruit rot. ಕನ್ನಡದಲ್ಲಿ ಹುಡುಕಿದಾಗ ಪೆಟ್ಟಿಗೆಯೇ ಬರಲಿಲ್ಲ. ಇದು ನಿಮಗೂ ಆಗುತ್ತದೆ, ಗಾಬರಿ ಬೇಡ. ಆಗ ಟೈಪ್ ಮಾಡುವಾಗ ಕೆಳಗೆ ಇಳಿಯುವ ಸಲಹೆಗಳನ್ನೂ, ಪುಟದ ತುದಿಯಲ್ಲಿ ಬರುವ ಸಂಬಂಧಿತ ಹುಡುಕಾಟಗಳನ್ನೂ ಬರೆದಿಟ್ಟುಕೊಳ್ಳಿ. ಇಂಗ್ಲಿಷ್ ಪ್ರಶ್ನೆಯನ್ನು ಅನುವಾದ ಮಾಡಿ ಹಾಕುವುದಲ್ಲ, ನಮ್ಮ ಜನ ಕೇಳುವ ಹಾಗೆ ತಿರುಗಿ ಕೇಳಬೇಕು. 'ಅಡಿಕೆಯ ಹಣ್ಣು ಕೊಳೆತವನ್ನು ನಿಯಂತ್ರಿಸುವುದು ಹೇಗೆ' ಅಂತ ಬೆಳ್ತಂಗಡಿಯಲ್ಲಿ ಯಾರೂ ಕೇಳುವುದಿಲ್ಲ. 'ಕೊಳೆರೋಗಕ್ಕೆ ಮದ್ದು ಯಾವಾಗ ಬಿಡಬೇಕು' ಅಂತಲೇ ಕೇಳುವುದು. ಹಿರಿಯರು 'ಮಹಾಳಿ' ಅಂತಲೂ ಹೇಳ್ತಾರೆ. ಆ ಪದವನ್ನು ಉತ್ತರದೊಳಗೆ ಸೇರಿಸಿದೆ.

ಇಲ್ಲೊಂದು ಗುಂಡಿ ಉಂಟು. ಬರೀ koleroga ಅಂತ ಹುಡುಕಿದರೆ ಕಾಫಿಯ ಪ್ರಶ್ನೆಗಳೂ ಬರುತ್ತವೆ. ಕಾಫಿಯ ಕಪ್ಪು ಕೊಳೆಗೂ ಕೊಳೆರೋಗ ಅಂತಲೇ ಹೆಸರು, ಆದರೆ ಅದನ್ನು ತರುವ ಶಿಲೀಂಧ್ರ ಬೇರೆ. ಅಡಿಕೆಯಲ್ಲಿ ಕೊಳೆರೋಗ ತರುವುದು ಫೈಟೋಫ್ತೊರ ಅನ್ನುವ ಜೀವಿ. ಪೆಟ್ಟಿಗೆಗೆ ನಮ್ಮ ತೋಟ ಗೊತ್ತಿಲ್ಲ, ಅಕ್ಷರ ಮಾತ್ರ ಗೊತ್ತು. ಎರಡು ಸಲ ಒತ್ತಿದ ಮೇಲೆ ಪ್ರಶ್ನೆಗಳು ಅಡಿಕೆ ತಿಂದರೆ ಎಂತ ಆಗುತ್ತದೆ ಅನ್ನುವ ಕಡೆಗೆ ಹೊರಳಿದವು. ಅದು ಒಳ್ಳೆಯ ಪ್ರಶ್ನೆಯೇ, ಈ ಪುಟದ ಪ್ರಶ್ನೆ ಅಲ್ಲ. ಹಾಗಾಗಿ ನಾನು ಎರಡನೇ ಸುತ್ತಿಗೆ ನಿಲ್ಲಿಸುತ್ತೇನೆ.

ಒಟ್ಟು ಹದಿನಾರು ಪ್ರಶ್ನೆ ಸಿಕ್ಕಿದವು. ಜರಡಿ ಒಂದೇ: ನಮ್ಮ ಅತಿಥಿ ಆಡಿಯೋದಲ್ಲಿ ಇದಕ್ಕೆ ಉತ್ತರ ಕೊಟ್ಟಿದ್ದಾರಾ? ಕೊಡದಿದ್ದರೆ ಶೀರ್ಷಿಕೆ ಇಲ್ಲ. ಒಂದೇ ಪ್ರಶ್ನೆಯ ಬೇರೆ ಬೇರೆ ರೂಪಗಳನ್ನು ಸೇರಿಸಿದಾಗ ನಾಲ್ಕು ಉಳಿದವು. ಕೊಳೆರೋಗ ಯಾಕೆ ಬರುತ್ತದೆ, ಮದ್ದು ಯಾವಾಗ ಬಿಡಬೇಕು, ಬೋರ್ಡೋ ದ್ರಾವಣ ಮಾಡುವುದು ಹೇಗೆ, ಮದ್ದು ಬಿಟ್ಟರೂ ಕೊಳೆ ಯಾಕೆ ಬಂತು.

ಎಡವಿದ್ದು ಮೂರನೆಯದರಲ್ಲಿ.

ಒಂದು ಕಿಲೋ, ಒಂದು ಕಿಲೋ, ನೂರು ಲೀಟರ್

ಚಿಕ್ಕ ಉತ್ತರ ಬೇಕು ಅಂತ ನಾನು ಬರೆದದ್ದು ಇಷ್ಟೇ: '1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು.' ಅಂಕಿ ಒಂದೂ ತಪ್ಪಲ್ಲ. ಶೇಕಡಾ 1ರ ಬೋರ್ಡೋ ಅಂದರೆ ಅದೇ. ಬೆರೆಸುವ ಕ್ರಮ ಕೆಳಗಿನ ಮಾತಿನಲ್ಲಿ ಇತ್ತು, ಅತಿಥಿ ಎಂಟು ನಿಮಿಷ ಅದನ್ನೇ ಹೇಳಿದ್ದರು. ಓದುವವರು ಕೆಳಗೆ ಹೋಗ್ತಾರೆ ಅಂದುಕೊಂಡೆ.

ಬೆಳ್ತಂಗಡಿ ಕಡೆಯ ಒಬ್ಬ ಕೇಳುಗರು ಕೆಳಗೆ ಹೋಗಲಿಲ್ಲ. ಒಂದೇ ಡ್ರಮ್ಮಿಗೆ ನೂರು ಲೀಟರ್ ನೀರು ತುಂಬಿಸಿ ಎರಡನ್ನೂ ಒಟ್ಟಿಗೆ ಸುರಿದರು. ಸಂಜೆ ಫೋನ್ ಬಂತು. 'ಮಾರಾಯಾ, ಮಜ್ಜಿಗೆ ಒಡೆದ ಹಾಗೆ ಆಗಿದೆ, ಅಡಿಯಲ್ಲಿ ಕೂತಿದೆ, ನಾಝಲ್ ಕಟ್ಟುತ್ತದೆ. ನೀನು ಹೇಳಿದ ಲೆಕ್ಕವೇ ಹಾಕಿದ್ದು.' ಮರ ಹತ್ತುವವರಿಗೆ ಆ ದಿನದ ಸಂಬಳ ಕೊಟ್ಟಾಗಿತ್ತು. ಮರುದಿನದಿಂದ ನಾಲ್ಕು ದಿನ ಮಳೆ ಬಿಡಲಿಲ್ಲ. 'ಕೆಳಗೆ ಬರೆದಿದ್ದೆ ಅಣ್ಣ' ಅಂತ ಹೇಳಲು ನನಗೆ ಬಾಯಿ ಬರಲಿಲ್ಲ.

ಆಗ ನನಗೆ ಗೊತ್ತಾದದ್ದು ಇದು. ಶೀರ್ಷಿಕೆಯ ಅಡಿಯ ಆ ಎರಡು ಸಾಲು ಪೀಠಿಕೆ ಅಲ್ಲ. ಗೂಗಲ್ ಎತ್ತಿ ತೋರಿಸಿದರೆ ಅಷ್ಟೇ ಕಾಣುವುದು, ವಾಟ್ಸಾಪ್‌ನಲ್ಲಿ ಸ್ಕ್ರೀನ್‌ಶಾಟ್ ಹೋದರೆ ಅಷ್ಟೇ ಹೋಗುವುದು. ಅದು ಒಂಟಿಯಾಗಿ ನಿಲ್ಲಬೇಕು. ಯಾವ ಮಾತು ಬಿಟ್ಟರೆ ಕೆಲಸ ಕೆಡುತ್ತದೋ ಆ ಮಾತು ಅದರೊಳಗೇ ಇರಬೇಕು. ಈಗ ಪುಟದಲ್ಲಿ ಹೀಗುಂಟು:

```
<h2>ಬೋರ್ಡೋ ದ್ರಾವಣ ಮಾಡುವುದು ಹೇಗೆ?</h2>
<p>ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತನ್ನು
50 ಲೀಟರ್ ನೀರಿನಲ್ಲಿ ಕರಗಿಸಿ. 1 ಕಿಲೋ ಸುಣ್ಣವನ್ನು ಬೇರೆ
50 ಲೀಟರ್ ನೀರಿನಲ್ಲಿ ಕಲಸಿ ಸೋಸಿ. ತುತ್ತಿನ ನೀರನ್ನು ಸುಣ್ಣದ
ನೀರಿಗೆ ನಿಧಾನವಾಗಿ ಕಲಕುತ್ತಾ ಹೊಯ್ಯಿರಿ. ಒಟ್ಟಿಗೆ ಸುರಿಯಬೇಡಿ.
ಅದೇ ದಿನ ಬಳಸಿ.</p>
```

ಮೂವತ್ತು ಚಿಲ್ಲರೆ ಪದ. ಇಂಗ್ಲಿಷ್‌ನಲ್ಲಿ ಇಂಥ ಉತ್ತರಕ್ಕೆ ನಲವತ್ತರಿಂದ ಅರುವತ್ತು ಪದ ಅಂತ ಹೇಳುವ ರೂಢಿ ಉಂಟು. ಕನ್ನಡದಲ್ಲಿ ವಿಭಕ್ತಿ ಎಲ್ಲಾ ಪದಕ್ಕೇ ಅಂಟಿಕೊಳ್ಳುವುದರಿಂದ ಮೂವತ್ತರ ಆಸುಪಾಸು ಸಾಕು. ಫೋನಿನ ಪರದೆಯಲ್ಲಿ ಬೆರಳು ಆಡಿಸದೆ ಶೀರ್ಷಿಕೆ, ಉತ್ತರ ಎರಡೂ ಒಟ್ಟಿಗೆ ಕಾಣಬೇಕು, ಅದೇ ನನ್ನ ಅಳತೆ. ಶೀರ್ಷಿಕೆಯನ್ನು ದಪ್ಪಕ್ಷರ ಮಾಡಿದರೆ ಸಾಲದು, ಮೇಲಿನ ಹಾಗೆ h2 ಅಂತ ಗುರುತು ಹಾಕಿ. ಬರೆಯುವ ಆಪ್‌ನಲ್ಲಿ Heading 2 ಆರಿಸಿದರೆ ಅದೇ ಆಗುತ್ತದೆ. ಉತ್ತರದ ಮೊದಲ ಪದವೇ ವಿಷಯ ಆಗಿರಲಿ. 'ಇದನ್ನು', 'ಮೇಲೆ ಹೇಳಿದಂತೆ' ಅಂತ ಶುರು ಮಾಡಿದರೆ ಸ್ಕ್ರೀನ್‌ಶಾಟ್‌ನಲ್ಲಿ ಅರ್ಥವೇ ಇರುವುದಿಲ್ಲ.

ಅದರ ಕೆಳಗೆ ಅತಿಥಿಯ ಮಾತು ಪೂರ್ತಿ ಉಂಟು. ಕಬ್ಬಿಣದ ಪಾತ್ರೆ ಯಾಕೆ ಬೇಡ, ಪ್ಲಾಸ್ಟಿಕ್ ಡ್ರಮ್ ಯಾಕೆ ಒಳ್ಳೆಯದು, ಹೊಳೆಯುವ ಕತ್ತಿಯ ತುದಿಯನ್ನು ದ್ರಾವಣದಲ್ಲಿ ಅದ್ದಿ ನೋಡುವುದು ಹೇಗೆ. ಕತ್ತಿಯ ಮೇಲೆ ಕೆಂಪು ಬಣ್ಣ ಹಿಡಿದರೆ ತಾಮ್ರ ಇನ್ನೂ ಬಿಡಿಯಾಗಿ ಉಂಟು ಅಂತ ಅರ್ಥ, ಸುಣ್ಣದ ನೀರು ಇನ್ನಷ್ಟು ಸೇರಿಸಬೇಕು. ಈ ಪರೀಕ್ಷೆಯನ್ನೂ ಮೇಲಿನ ಉತ್ತರಕ್ಕೆ ತುರುಕಬೇಕಾ ಅಂತ ಎರಡು ದಿನ ಯೋಚಿಸಿದೆ. ಉದ್ದ ಆಗುತ್ತದೆ ಅಂತ ಬಿಟ್ಟೆ. 'ಕತ್ತಿಯ ಪರೀಕ್ಷೆ' ಅಂತಲೇ ಬೇರೆ ಚಿಕ್ಕ ಶೀರ್ಷಿಕೆ ಕೊಟ್ಟಿದ್ದೇನೆ. ನಿಮಗೆ ಬೇರೆ ಅನ್ನಿಸಿದರೆ ಹೇಳಿ.

ಎಲ್ಲಾ ಪ್ರಶ್ನೆಗೂ ಇಷ್ಟು ತಲೆಬಿಸಿ ಇಲ್ಲ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಎಪಿಸೋಡಿನಲ್ಲಿ 'ಬಸದಿ ಕಟ್ಟಿದ್ದು ಯಾವಾಗ' ಅನ್ನುವುದಕ್ಕೆ 'ಸಾವಿರ ಕಂಬದ ಬಸದಿಯ ನಿರ್ಮಾಣ ಶುರುವಾದದ್ದು 1430ರಲ್ಲಿ' ಅಂದರೆ ಮುಗಿಯಿತು. ಅರ್ಧ ಓದಿದರೂ ಯಾರ ಫಸಲೂ ಹೋಗುವುದಿಲ್ಲ.

'ಅವಲಂಬಿಸಿದೆ' ಅನ್ನುವ ಪ್ರಶ್ನೆಗೆ ಎಂತ ಮಾಡುದು?

ನಾಲ್ಕನೇ ಪ್ರಶ್ನೆ, ಮದ್ದು ಬಿಟ್ಟರೂ ಕೊಳೆ ಯಾಕೆ ಬಂತು ಅನ್ನುವುದು, ಪೆಟ್ಟಿಗೆಯಲ್ಲಿ ಮೊಂಡಾಗಿ ಇತ್ತು. ಅದರ ನಿಜವಾದ ರೂಪ ಸಿಕ್ಕಿದ್ದು ಕೇಳುಗರ ವಾಯ್ಸ್ ಮೆಸೇಜುಗಳಲ್ಲಿ. ಇದಕ್ಕೆ ಒಂದೇ ಉತ್ತರ ಇಲ್ಲ. ಹಾಗಂತ 'ಹಲವು ಕಾರಣಗಳನ್ನು ಅವಲಂಬಿಸಿದೆ' ಅಂತ ಬರೆದರೆ ಓದಿದವರಿಗೆ ಏನೂ ಸಿಗಲಿಲ್ಲ. ಎಂತದನ್ನು ಅವಲಂಬಿಸಿದೆ ಅಂತ ಮೊದಲ ಸಾಲಿನಲ್ಲೇ ಹೆಸರಿಸಬೇಕು. ನಾನು ಬರೆದದ್ದು: 'ಮದ್ದು ಬಿಟ್ಟರೂ ಕೊಳೆರೋಗ ಬರಲು ಸಾಮಾನ್ಯ ಕಾರಣ ಮೂರು: ಗೊನೆಗೆ ದ್ರಾವಣ ಪೂರ್ತಿ ತಾಗದಿರುವುದು, ಒಣಗುವ ಮೊದಲೇ ಮಳೆ ಬರುವುದು, ಎರಡನೇ ಸಿಂಪಡಣೆ ತಡವಾಗುವುದು.' ಮಳೆಗಾಲ ಶುರುವಾಗುವಾಗ ಮೊದಲನೆಯದು, 40ರಿಂದ 45 ದಿನಕ್ಕೆ ಎರಡನೆಯದು ಅನ್ನುವ ಲೆಕ್ಕ ಎರಡನೇ ಪ್ರಶ್ನೆಯ ಅಡಿಯಲ್ಲಿ ಉಂಟು. ಆದರೂ ಇಲ್ಲಿ ಮತ್ತೆ ಹೇಳಿದೆ. ಎರಡು ಕಡೆ ಒಂದೇ ಮಾತು ಬಂದರೆ ಬರಲಿ. ಇಲ್ಲಿಗೆ ನೇರ ಬಂದವರು ಅಲ್ಲಿ ಓದಿರುವುದಿಲ್ಲ.

ಹಾಕುವ ಮೊದಲು ನಾಲ್ಕೂ ಉತ್ತರಗಳನ್ನು ಅತಿಥಿಗೆ ಫೋನಿನಲ್ಲಿ ಓದಿ ಹೇಳಿದೆ, ಶೀರ್ಷಿಕೆ ಮತ್ತು ಉತ್ತರ ಮಾತ್ರ. ಮೊದಲ ಸಲ ಈ ಕೆಲಸ ಮಾಡಿದ್ದರೆ ಆ ಡ್ರಮ್ ಹಾಳಾಗುತ್ತಿರಲಿಲ್ಲ. ಆಮೇಲೆ ವಿಟ್ಲದ ಸಿಪಿಸಿಆರ್‌ಐ ಪ್ರಾದೇಶಿಕ ಕೇಂದ್ರ ನಮ್ಮ ಬಂಟ್ವಾಳ ತಾಲೂಕಿನಲ್ಲೇ ಇರುವಾಗ ಅವರ ಶಿಫಾರಸಿನ ಜೊತೆ ಅಂಕಿಗಳನ್ನು ತಾಳೆ ನೋಡದೆ ಇರುವುದು ಸೋಮಾರಿತನ.

ಒಬ್ಬ ಗೆಳೆಯ FAQ ಸ್ಕೀಮಾ ಕೋಡ್ ಹಾಕು, ಗೂಗಲ್‌ನಲ್ಲಿ ಪ್ರಶ್ನೆಗಳು ನಿನ್ನ ಲಿಂಕಿನ ಕೆಳಗೇ ಬರುತ್ತವೆ ಅಂದ. ಅದು ಹಳೆಯ ಮಾತು. 2023ರ ಆಗಸ್ಟ್‌ನಲ್ಲೇ ಗೂಗಲ್ ಆ ಸೌಲಭ್ಯವನ್ನು ಹೆಸರಾಂತ ಸರಕಾರಿ ಮತ್ತು ಆರೋಗ್ಯ ಜಾಲತಾಣಗಳಿಗೆ ಸೀಮಿತ ಮಾಡಿತು. ಇನ್ನು, ಹೀಗೆ ಬರೆದರೆ ನಿಮ್ಮ ಉತ್ತರವನ್ನೇ ಪೆಟ್ಟಿಗೆಯಲ್ಲಿ ತೋರಿಸ್ತಾರೆ ಅಂತ ಗ್ಯಾರಂಟಿ ಇಲ್ಲ. ನನ್ನದು ಇವತ್ತಿನವರೆಗೆ ಬಂದಿಲ್ಲ. ಪುಟಕ್ಕೆ ಬಂದವರು ಎಡವದಿದ್ದರೆ ನನಗೆ ಅದು ಸಾಕು.

ಬಿಟ್ಟ ಹನ್ನೆರಡರಲ್ಲಿ ಒಂದು ಪ್ರಶ್ನೆ ಮಾತ್ರ ತಲೆಯಲ್ಲಿ ಕೂತಿದೆ: ಗೊನೆಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟಿದರೆ ಮದ್ದು ಬಿಡಬೇಕಾ, ಬೇಡವಾ? ನಮ್ಮ ಅತಿಥಿ ಯಾವತ್ತೂ ಕೊಟ್ಟೆ ಕಟ್ಟಿದವರಲ್ಲ, ಹಾಗಾಗಿ ಶೀರ್ಷಿಕೆ ಹಾಕಿಲ್ಲ. ನಿಮ್ಮ ತೋಟದಲ್ಲಿ ಕಟ್ಟುವವರು ಇದ್ದರೆ ಒಂದು ವಾಯ್ಸ್ ಮೆಸೇಜ್ ಕಳಿಸಿ, ಮುಂದಿನ ಮಳೆಗೆ ಮೊದಲು ಮನೆಗೇ ಬಂದು ರೆಕಾರ್ಡ್ ಮಾಡ್ತೇನೆ.