ಮೂರು ವಿಧಾನ, ಒಂದು ಕುಡಿಯುವ ನೀರಿನ ಪ್ರಶ್ನೆ

ಆಡಳಿತ, ನಿರ್ವಹಣಾ ಶಾಸ್ತ್ರ, ಸಮುದಾಯ ಆರೋಗ್ಯ ಇಂಥ ವಿಷಯಗಳ ಪ್ರಶ್ನೆಪತ್ರಿಕೆಗಳಲ್ಲಿ ಈಗ ನೇರ ಪ್ರಶ್ನೆಗಳ ಜತೆ ಸನ್ನಿವೇಶದ ಪ್ರಶ್ನೆಗಳೂ ಇರುತ್ತವೆ. ಒಂದು ಊರಿನ ಸಮಸ್ಯೆಯನ್ನು ಹತ್ತು ಸಾಲಿನಲ್ಲಿ ಹೇಳಿ, ಗುಂಪಾಗಿ ತೀರ್ಮಾನಕ್ಕೆ ಬರಲು ಯಾವ ವಿಧಾನ ಸರಿ, ಯಾಕೆ ಎಂದು ಕೇಳುತ್ತಾರೆ. ‘ತಜ್ಞರು’ ಎಂಬ ಪದ ಕಂಡ ಕೂಡಲೇ ವಿದ್ಯಾರ್ಥಿಗಳು ಡೆಲ್ಫಿ ಎಂದು ಬರೆದುಬಿಡುತ್ತಾರೆ. ‘ಸಭೆ’ ಎಂದಿದ್ದರೆ ನಾಮಿನಲ್ ಗ್ರೂಪ್, ‘ಆಯ್ಕೆಗಳು’ ಎಂದಿದ್ದರೆ ಬಹುಮಾನದಂಡ ವಿಶ್ಲೇಷಣೆ. ಪದ ನೋಡಿ ವಿಧಾನ ಆರಿಸುವ ಈ ಅಭ್ಯಾಸ ಎಲ್ಲಿ ಕೈಕೊಡುತ್ತದೆ ಎಂದು ತಿಳಿಯಲು, ಅಂಥದೇ ಒಂದು ಕಲ್ಪಿತ ಸನ್ನಿವೇಶವನ್ನು ಕೊನೆಯವರೆಗೆ ಬಿಡಿಸಿ ನೋಡೋಣ.

ಬಯಲುಸೀಮೆಯ ಒಂದು ಗ್ರಾಮ ಪಂಚಾಯತಿ. ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಇದೆ. ಪಾವಗಡ, ಬಾಗೇಪಲ್ಲಿ ಕಡೆಯವರಿಗೆ ಈ ಕಷ್ಟವನ್ನು ವಿವರಿಸಬೇಕಿಲ್ಲ. ಪಂಚಾಯತಿಯ ಮುಂದೆ ಮೂರು ದಾರಿಗಳಿವೆ: ಬಹುಗ್ರಾಮ ಯೋಜನೆಯ ಪೈಪಿಗೆ ಸೇರಿಕೊಳ್ಳುವುದು, ಶುದ್ಧ ನೀರಿನ ಘಟಕ ಹಾಕುವುದು, ಮನೆಮನೆಗೆ ಮಳೆನೀರಿನ ತೊಟ್ಟಿ ಕಟ್ಟಿಸುವುದು. ಒಂಬತ್ತು ಜನರ ನೀರಿನ ಸಮಿತಿ ತೀರ್ಮಾನಿಸಬೇಕು.

ಮೊದಲ ಸಭೆ ಸಾಮಾನ್ಯವಾಗಿ ಹೇಗೆ ನಡೆಯುತ್ತದೆ ಎಂದು ಎಲ್ಲರಿಗೂ ಗೊತ್ತು. ಅಧ್ಯಕ್ಷರು ಮಾತು ಶುರುಮಾಡಿ ‘ಘಟಕವೇ ಒಳ್ಳೇದು ಅಂತ ನನಗನ್ನಿಸುತ್ತೆ, ನೀವೇನಂತೀರಿ?’ ಎನ್ನುತ್ತಾರೆ. ಆಮೇಲೆ ಯಾರೂ ಬೇರೇನೂ ಅನ್ನುವುದಿಲ್ಲ. ಅಂಗನವಾಡಿ ಕಾರ್ಯಕರ್ತೆಗೆ ಗೊತ್ತಿರುವುದು, ದಿನಾ ವಾಲ್ವ್ ತಿರುಗಿಸುವ ನೀರುಗಂಟಿಗೆ ಗೊತ್ತಿರುವುದು ಸಭೆಯ ನಡಾವಳಿಗೆ ಬರುವುದೇ ಇಲ್ಲ. ಅಮೆರಿಕದ ಆಂಡ್ರೆ ಡೆಲ್ಬೆಕ್ ಮತ್ತು ಆಂಡ್ರ್ಯೂ ವ್ಯಾನ್ ಡಿ ವೆನ್ 1971ರಲ್ಲಿ ಪ್ರಕಟಿಸಿದ ನಾಮಿನಲ್ ಗ್ರೂಪ್ ವಿಧಾನ ಇರುವುದು ಇಂಥ ಸಭೆಗೆ. ಎಲ್ಲರೂ ಒಂದೇ ಕೋಣೆಯಲ್ಲಿ ಕೂರುತ್ತಾರೆ, ಆದರೆ ಮೊದಲ ಹತ್ತು ನಿಮಿಷ ಯಾರೂ ಮಾತಾಡುವಂತಿಲ್ಲ. ಕೇಳಿದ ಪ್ರಶ್ನೆಗೆ ಪ್ರತಿಯೊಬ್ಬರೂ ತಮ್ಮ ಉತ್ತರಗಳನ್ನು ಚೀಟಿಯಲ್ಲಿ ಬರೆಯುತ್ತಾರೆ. ನಂತರ ಸುತ್ತು ಶುರು: ಒಬ್ಬರು ಒಂದು ಸಲಕ್ಕೆ ಒಂದೇ ಅಂಶ ಹೇಳಬೇಕು, ಅದು ಹಾಗೆಯೇ ಬೋರ್ಡಿನ ಮೇಲೆ ಬೀಳಬೇಕು, ಚರ್ಚೆ ಇಲ್ಲ. ಚೀಟಿಗಳೆಲ್ಲ ಖಾಲಿಯಾದ ಮೇಲೆ ಅರ್ಥವಾಗದ್ದನ್ನು ಕೇಳಿ ತಿಳಿದುಕೊಳ್ಳಬಹುದು. ಕೊನೆಗೆ ಪ್ರತಿಯೊಬ್ಬರೂ ಗುಟ್ಟಾಗಿ ಐದು ಅಂಶ ಆರಿಸಿ, ಅತಿ ಮುಖ್ಯವಾದದ್ದಕ್ಕೆ 5, ನಂತರದ್ದಕ್ಕೆ 4, ಹೀಗೆ ಅಂಕ ಕೊಡುತ್ತಾರೆ. ಒಂದೂವರೆ ಗಂಟೆಯೊಳಗೆ ಎಲ್ಲ ಮುಗಿಯುತ್ತದೆ.

ಆದರೆ ನಮ್ಮ ಸಮಿತಿಯನ್ನು ಕೇಳಬೇಕಾದ ಪ್ರಶ್ನೆ ಯಾವುದು? ‘ಮೂರರಲ್ಲಿ ಯಾವುದು ಬೇಕು’ ಎಂದು ಕೇಳಿದರೆ ಸಿಗುವುದು ಬರೀ ಮತದಾನ. ‘ಆರಿಸುವಾಗ ಏನೇನು ನೋಡಬೇಕು’ ಎಂದು ಕೇಳಿದರೆ ಈ ವಿಧಾನದ ನಿಜವಾದ ಉಪಯೋಗವಾಗುತ್ತದೆ. ಫಲಿತಾಂಶವನ್ನು ಓದುವುದರಲ್ಲೂ ಒಂದು ಎಚ್ಚರ ಬೇಕು. ಒಂದು ಅಂಶಕ್ಕೆ ಮೂವರು ತಲಾ 5 ಕೊಟ್ಟು 15 ಬಂದಿರಬಹುದು, ಇನ್ನೊಂದಕ್ಕೆ ಎಂಟು ಜನ ತಲಾ 2 ಕೊಟ್ಟು 16 ಆಗಿರಬಹುದು. ಮೊತ್ತ ಹೆಚ್ಚುಕಡಿಮೆ ಒಂದೇ. ಆದರೆ ಮೊದಲನೆಯದು ಕೆಲವರ ಜೀವನ್ಮರಣದ ಪ್ರಶ್ನೆ, ಎರಡನೆಯದು ಎಲ್ಲರೂ ಒಪ್ಪುವ ಸಣ್ಣ ಕಿರಿಕಿರಿ. ಹಾಗಾಗಿ ಮೊತ್ತದ ಪಕ್ಕದಲ್ಲಿ ಎಷ್ಟು ಜನ ಅಂಕ ಕೊಟ್ಟರು ಎಂಬುದನ್ನೂ ಬರೆಯಬೇಕು.

ನಮ್ಮ ಸಮಿತಿಯ ಪಟ್ಟಿಯಲ್ಲಿ ನಾಲ್ಕು ಅಂಶ ಮೇಲೆ ಬಂದವು ಎನ್ನೋಣ: ಫ್ಲೋರೈಡ್ ಇಲ್ಲದ ನೀರು, ಪಂಚಾಯತಿಯ ಮೊದಲ ಖರ್ಚು, ವರ್ಷವರ್ಷದ ನಿರ್ವಹಣೆ, ಮತ್ತು 90 ದಿನದ ಬೇಸಿಗೆಯಲ್ಲಿ ಎಷ್ಟು ದಿನ ನೀರು ಸಿಗುತ್ತದೆ ಎಂಬುದು. ಇಲ್ಲಿಂದ ಬಹುಮಾನದಂಡ ವಿಶ್ಲೇಷಣೆಯ ಕೆಲಸ. ಪ್ರತಿ ಆಯ್ಕೆಗೆ ಪ್ರತಿ ಅಂಶದಲ್ಲಿ ಅಂಕ ಕೊಟ್ಟು, ಅಂಶದ ತೂಕದಿಂದ ಗುಣಿಸಿ ಕೂಡುವುದು. ಲೆಕ್ಕ ಇಷ್ಟೇ, ಆದರೆ ತಪ್ಪುಗಳು ಇಲ್ಲೇ ಅಡಗಿ ಕೂತಿರುತ್ತವೆ.

ಮೊದಲು ಫ್ಲೋರೈಡನ್ನು ಈ ಲೆಕ್ಕದಿಂದ ಹೊರಗಿಡಬೇಕು. ಕೂಡುವ ಲೆಕ್ಕದಲ್ಲಿ ಒಂದು ಕಡೆಯ ಸೋಲನ್ನು ಇನ್ನೊಂದು ಕಡೆಯ ಗೆಲುವು ಮುಚ್ಚಿಹಾಕುತ್ತದೆ, ಅಂದರೆ ಅಗ್ಗವಾದ ವಿಷ ಗೆಲ್ಲಬಹುದು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಆದ್ದರಿಂದ ಇದಕ್ಕೆ ಅಂಕ ಕೊಡುವ ಪ್ರಶ್ನೆ ಇಲ್ಲ. ದಾಟಿದ ಆಯ್ಕೆ ಉಳಿಯುತ್ತದೆ, ದಾಟದ್ದು ಹೋಗುತ್ತದೆ. ನಮ್ಮ ಮೂರೂ ದಾಟಿವೆ ಎಂದಿಟ್ಟುಕೊಳ್ಳೋಣ.

ಉಳಿದ ಮೂರು ಅಂಶಗಳ ಅಂಕಿ ಹೀಗಿವೆ. ಪೈಪಿಗೆ ಪಂಚಾಯತಿಯ ಪಾಲು 15 ಲಕ್ಷ, ವರ್ಷದ ನಿರ್ವಹಣೆ 3 ಲಕ್ಷ, ಬೇಸಿಗೆಯಲ್ಲಿ 80 ದಿನ ನೀರು. ಘಟಕಕ್ಕೆ 12 ಲಕ್ಷ, 4 ಲಕ್ಷ, 60 ದಿನ. ತೊಟ್ಟಿಗಳಿಗೆ 14 ಲಕ್ಷ, 1 ಲಕ್ಷ, 20 ದಿನ. ಪ್ರತಿ ಅಂಶದಲ್ಲೂ ಅತ್ಯುತ್ತಮವಾದದ್ದಕ್ಕೆ 100, ಕನಿಷ್ಠವಾದದ್ದಕ್ಕೆ 0, ನಡುವಿನದಕ್ಕೆ ಅದರ ಜಾಗಕ್ಕೆ ತಕ್ಕ ಅಂಕ. ಬೇಸಿಗೆಯಲ್ಲಿ ಪೈಪಿಗೆ 100, ತೊಟ್ಟಿಗೆ 0, ಘಟಕಕ್ಕೆ 67. ನಿರ್ವಹಣೆಯಲ್ಲಿ ತೊಟ್ಟಿಗೆ 100, ಘಟಕಕ್ಕೆ 0, ಪೈಪಿಗೆ 33. ಮೊದಲ ಖರ್ಚಿನಲ್ಲಿ ಘಟಕಕ್ಕೆ 100, ಪೈಪಿಗೆ 0, ತೊಟ್ಟಿಗೆ 33.

ಈಗ ತೂಕ. ‘ನಿಮಗೆ ಯಾವುದು ಎಷ್ಟು ಮುಖ್ಯ?’ ಎಂದು ಕೇಳಿದರೆ ಸಮಿತಿ ಹೇಳುವುದು: ‘ಸ್ವಾಮಿ, ದುಡ್ಡೇ ಮುಖ್ಯ.’ ಮೊದಲ ಖರ್ಚಿಗೆ 50, ಬೇಸಿಗೆಗೆ 30, ನಿರ್ವಹಣೆಗೆ 20. ಲೆಕ್ಕ ಹಾಕಿದರೆ ಘಟಕ 70, ಪೈಪ್ ಮತ್ತು ತೊಟ್ಟಿ ಎರಡೂ 37ರ ಆಸುಪಾಸು. ಘಟಕದ್ದು ಭಾರೀ ಗೆಲುವು. ಆದರೆ ಆ ಗೆಲುವು ಬಂದದ್ದೆಲ್ಲಿಂದ ನೋಡಿ. ಮೊದಲ ಖರ್ಚಿನಲ್ಲಿ ಅತ್ಯುತ್ತಮ ಮತ್ತು ಕನಿಷ್ಠದ ನಡುವಿನ ಅಂತರ ಬರೀ 3 ಲಕ್ಷ, ಅದೂ ಒಂದೇ ಸಲ. ಆ 3 ಲಕ್ಷಕ್ಕೆ ಇಡೀ ತೂಕದ ಅರ್ಧ ಸಂದಿದೆ. ಬೇಸಿಗೆಯಲ್ಲಿ 20 ದಿನದಿಂದ 80 ದಿನಕ್ಕೆ ಏರುವ ಅರವತ್ತು ದಿನದ ನೀರಿಗೆ ಅದಕ್ಕಿಂತ ಕಡಿಮೆ. ಸಮಿತಿಯವರು ಸುಳ್ಳು ಹೇಳಲಿಲ್ಲ. ಹಣ ಮುಖ್ಯ ಎಂಬುದು ನಿಜವೇ. ಆದರೆ ತೂಕ ಸಲ್ಲಬೇಕಾದದ್ದು ಹಣ ಎಂಬ ಸಂಗತಿಗಲ್ಲ, ಈ ಮೂರು ಆಯ್ಕೆಗಳ ನಡುವೆ ಹಣದಲ್ಲಿ ಆಗುವ ವ್ಯತ್ಯಾಸಕ್ಕೆ.

ಸರಿಯಾಗಿ ಕೇಳುವ ಕ್ರಮ ಬೇರೆ. ಮೂರು ಅಂಶಗಳಲ್ಲೂ ಕನಿಷ್ಠ ಮಟ್ಟದಲ್ಲಿರುವ ಒಂದು ಯೋಜನೆಯನ್ನು ಊಹಿಸಿಕೊಳ್ಳಿ: 15 ಲಕ್ಷ ಖರ್ಚು, ವರ್ಷಕ್ಕೆ 4 ಲಕ್ಷ ನಿರ್ವಹಣೆ, ಬೇಸಿಗೆಯಲ್ಲಿ 20 ದಿನ ನೀರು. ಇದರಲ್ಲಿ ಒಂದನ್ನು ಮಾತ್ರ ಅತ್ಯುತ್ತಮಕ್ಕೆ ಏರಿಸಬಹುದಾದರೆ ಯಾವುದನ್ನು ಏರಿಸುತ್ತೀರಿ? ಈಗ ಸಮಿತಿ ಒಂದೇ ದನಿಯಲ್ಲಿ ನೀರು ಎನ್ನುತ್ತದೆ. ಎರಡನೆಯದಾಗಿ ನಿರ್ವಹಣೆ, ಅದು ವರ್ಷವರ್ಷವೂ 3 ಲಕ್ಷ ಉಳಿತಾಯ. ಮೊದಲ ಖರ್ಚು ಕೊನೆಗೆ. ಆ ಏರಿಕೆಗಳ ಬೆಲೆಯನ್ನು 60, 30, 10 ಎಂದು ಇಟ್ಟರು ಎನ್ನೋಣ. ಮತ್ತೆ ಕೂಡಿದರೆ ಪೈಪ್ 70, ಘಟಕ 50, ತೊಟ್ಟಿ 33. ಅಂಕಿಅಂಶ ಬದಲಾಗಿಲ್ಲ, ಜನರೂ ಅವರೇ, ಪ್ರಶ್ನೆ ಕೇಳಿದ ರೀತಿಯೊಂದು ಬದಲಾಗಿ ತೀರ್ಪು ತಲೆಕೆಳಗಾಯಿತು.

ಇನ್ನು ಈ ತೀರ್ಪು ಎಷ್ಟು ಗಟ್ಟಿ ಎಂದು ಅಲುಗಾಡಿಸಿ ನೋಡಬೇಕು. ಪೈಪಿನಲ್ಲಿ 80 ದಿನ ಬರುತ್ತದೆ ಎಂಬುದು ಯಾರ ಮಾತು? ಯೋಜನಾ ವರದಿಯ ಮಾತು. ಅದು 60ಕ್ಕೆ ಇಳಿದರೆ ಪೈಪೂ 50, ಘಟಕವೂ 50. ಅಂದರೆ ಇಡೀ ನಿರ್ಧಾರ ಆ ಒಂದು ಸಂಖ್ಯೆಯ ಮೇಲೆ ನಿಂತಿದೆ, ಮತ್ತು ಅದು ಸಮಿತಿಯ ಯಾರಿಗೂ ಗೊತ್ತಿಲ್ಲ. ಡೆಲ್ಫಿಯ ಜಾಗ ಇದು. ಹುಡುಕುತ್ತಿರುವುದು ಜನರ ಇಷ್ಟವನ್ನಲ್ಲ, ಮುಂದೆ ಆಗಲಿರುವ ಒಂದು ಸಂಗತಿಯ ಅಂದಾಜನ್ನು. ಬಲ್ಲವರೋ ಬೇರೆಬೇರೆ ಊರುಗಳಲ್ಲಿದ್ದಾರೆ.

ಡೆಲ್ಫಿ ಹುಟ್ಟಿದ್ದು ಇದಕ್ಕಿಂತ ಕರಾಳವಾದ ಪ್ರಶ್ನೆಗೆ. 1950ರ ದಶಕದ ಆರಂಭದಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆಯ ನಾರ್ಮನ್ ಡಾಲ್ಕಿ ಮತ್ತು ಓಲಾಫ್ ಹೆಲ್ಮರ್ ಏಳು ತಜ್ಞರನ್ನು ಕೇಳಿದ್ದು, ಅಮೆರಿಕದ ಶಸ್ತ್ರಾಸ್ತ್ರ ಉತ್ಪಾದನೆಯನ್ನು ಕುಗ್ಗಿಸಲು ಸೋವಿಯತ್ ಕಡೆಗೆ ಎಷ್ಟು ಅಣುಬಾಂಬು ಬೇಕಾದೀತು ಎಂದು. ಐದು ಪ್ರಶ್ನಾವಳಿಗಳು, ತಜ್ಞರು ಮುಖಾಮುಖಿಯಾಗುವಂತಿಲ್ಲ. ಮೊದಲ ಅಂದಾಜುಗಳು 50ರಿಂದ 5000ದವರೆಗೆ ಹರಡಿದ್ದವು, ಕೊನೆಗೆ 167ರಿಂದ 360ರೊಳಗೆ ಬಂದವು. ವಿಷಯ ರಹಸ್ಯವಾದ್ದರಿಂದ ಪ್ರಬಂಧ ಪ್ರಕಟವಾದದ್ದು 1963ರಲ್ಲಿ.

ನಮ್ಮ ಸನ್ನಿವೇಶದಲ್ಲಿ ಹತ್ತು ಜನರನ್ನು ಕೇಳೋಣ. ಎಂಜಿನಿಯರುಗಳು ಮಾತ್ರ ಸಾಲದು, ಅದೇ ಯೋಜನೆಯ ಪೈಪು ಈಗಾಗಲೇ ಹೋಗಿರುವ ಊರುಗಳ ನೀರುಗಂಟಿಗಳೂ ಬೇಕು. ಪ್ರತಿಯೊಬ್ಬರೂ ಹೆಸರಿಲ್ಲದೆ ಒಂದು ಸಂಖ್ಯೆ ಮತ್ತು ಕಾರಣ ಬರೆದು ಕೊಡುತ್ತಾರೆ. ಸಂಚಾಲಕ ಸಂಖ್ಯೆಗಳನ್ನು ಏರಿಕೆಯಲ್ಲಿ ಜೋಡಿಸಿ ನಟ್ಟನಡುವಿನ ಅಂಕಿಯನ್ನೂ ದೂರ ನಿಂತವರ ಕಾರಣಗಳನ್ನೂ ಎಲ್ಲರಿಗೂ ಮರಳಿ ಕಳಿಸುತ್ತಾನೆ. ಎರಡನೇ ಸುತ್ತಿನಲ್ಲಿ ಯಾರು ಬೇಕಾದರೂ ಬದಲಿಸಬಹುದು.

ಇಲ್ಲಿ ಮೋಸಹೋಗುವುದು ಸುಲಭ. ಸಂಖ್ಯೆಗಳು ಹತ್ತಿರ ಬಂದ ಮಾತ್ರಕ್ಕೆ ಸತ್ಯದ ಹತ್ತಿರ ಬಂದಂತಲ್ಲ. ಬೇಸರವಾಗಿ ನಡುವಿನ ಅಂಕಿಗೆ ಸರಿದವರೂ ಇರುತ್ತಾರೆ. ಬದಲಿಸಿದವರು ಕಾರಣ ಬರೆದಿದ್ದಾರೆಯೇ ಎಂದು ನೋಡಿದರೆ ಇದು ಗೊತ್ತಾಗುತ್ತದೆ. ಇನ್ನೊಂದು ಇದಕ್ಕಿಂತ ಸೂಕ್ಷ್ಮ. ನಮ್ಮ ಹತ್ತು ಉತ್ತರಗಳಲ್ಲಿ ಐದು 35ರಿಂದ 45ರೊಳಗೆ, ಐದು 70ರಿಂದ 80ರೊಳಗೆ ಇದ್ದರೆ ನಡುವಿನ ಅಂಕಿ ಸುಮಾರು 57. ಅದು ಹತ್ತರಲ್ಲಿ ಒಬ್ಬರ ಅಂದಾಜೂ ಅಲ್ಲ. ಕಾರಣಗಳನ್ನು ಓದಿದರೆ ಗುಟ್ಟು ಬಯಲಾಗುತ್ತದೆ: ಮೇಲಿನವರು ಪಂಪ್‌ಹೌಸಿಗೆ ಕರೆಂಟು ಇರುತ್ತದೆ ಎಂದು ಅಂದುಕೊಂಡಿದ್ದಾರೆ, ಕೆಳಗಿನವರು ಏಪ್ರಿಲ್‌ನಲ್ಲಿ ಅದು ಹೋಗಿಬರುವುದನ್ನು ಕಂಡಿದ್ದಾರೆ. ಆಗ ಮೂರನೇ ಸುತ್ತಿಗೆ ಒಂದನ್ನು ಎರಡು ಪ್ರಶ್ನೆ ಮಾಡಬೇಕು: ಪ್ರತ್ಯೇಕ ವಿದ್ಯುತ್ ಲೈನ್ ಇದ್ದರೆ ಎಷ್ಟು ದಿನ, ಇಲ್ಲದಿದ್ದರೆ ಎಷ್ಟು?

ಉತ್ತರ 75 ಮತ್ತು 40 ಎಂದು ಬಂದರೆ ಅದನ್ನು ಹಳೆಯ ಲೆಕ್ಕಕ್ಕೆ ಮರಳಿಸಬೇಕು. ಲೈನ್ ಇಲ್ಲದೆ ಪೈಪಿಗೆ 30, ಇದ್ದರೆ 65, ಘಟಕ ಮಾತ್ರ 50ರಲ್ಲೇ. ಆದರೆ ಆ ಲೈನಿಗೂ ದುಡ್ಡು ಬೇಕಲ್ಲ. ಪಂಚಾಯತಿಯ ಪಾಲು ಇನ್ನೂ 4 ಲಕ್ಷ ಏರಿದರೆ, 3 ಲಕ್ಷಕ್ಕೆ 10 ಅಂಕದ ಲೆಕ್ಕದಲ್ಲಿ 13 ಅಂಕ ಕಳೆದು, ಪೈಪು 52ರ ಹತ್ತಿರ ನಿಲ್ಲುತ್ತದೆ. 52 ಮತ್ತು 50. ತೂಕಗಳು ಸಮಿತಿಯ ಅಂದಾಜು, ದಿನಗಳು ತಜ್ಞರ ಅಂದಾಜು. ಹೀಗಿರುವಾಗ ಆ ಎರಡು ಅಂಕದ ಬಲದ ಮೇಲೆ ಪೈಪ್ ಗೆದ್ದಿತು ಎಂದು ಬರೆದ ಉತ್ತರಪತ್ರಿಕೆ ನನ್ನ ಕೈಗೆ ಬಂದರೆ, ಲೆಕ್ಕಕ್ಕೆ ಪೂರ್ತಿ ಅಂಕ ಕೊಟ್ಟು ಕೊನೆಯ ಸಾಲಿಗೆ ಸೊನ್ನೆ ಹಾಕುತ್ತೇನೆ.