ಸಾರಿನ ಪಾತ್ರೆಯ ತಳದಲ್ಲಿ ಉಳಿದದ್ದು

ಏಳು ವರ್ಷದ ಹುಡುಗನೊಬ್ಬನ ತಾಯಿ ಹೋದ ತಿಂಗಳು ನನ್ನ ಹತ್ತಿರ ಬಂದಿದ್ದರು. ಕೈಯಲ್ಲಿ ಪ್ರೋಟೀನ್ ಪುಡಿಯ ಒಂದು ದೊಡ್ಡ ಡಬ್ಬಿ. "ಇವನು ಏನೂ ತಿನ್ನೋದಿಲ್ಲ ಮೇಡಂ, ಇದನ್ನಾದರೂ ಹಾಲಿಗೆ ಹಾಕಿ ಕೊಡೋಣ ಅಂತ ತಂದೆ" ಎಂದರು. ಹುಡುಗ ಅಜ್ಜಿಯ ಸೆರಗಿನ ಹಿಂದೆ ನಿಂತಿದ್ದ. ತೂಕ 21 ಕಿಲೋ. ಮೂರು ದಿನ ಅವನು ತಿಂದದ್ದನ್ನೆಲ್ಲ ಬರೆದು ಕಳಿಸಿ ಎಂದು ಹೇಳಿ ಕಳಿಸಿದೆ. ಪಟ್ಟಿ ಬಂದ ಮೇಲೆ ನಾನು ಅವರಿಗೆ ಬರೆದದ್ದನ್ನು ಅವರ ಒಪ್ಪಿಗೆ ಪಡೆದೇ ಇಲ್ಲಿ ಕೊಡುತ್ತಿದ್ದೇನೆ. ಇಂಥ ಹುಡುಗರು, ಇಂಥ ಅಜ್ಜಿಯರು ಎಷ್ಟೋ ಮನೆಗಳಲ್ಲಿದ್ದಾರೆ.

ನಮಸ್ಕಾರ. ನಿಮ್ಮ ಪಟ್ಟಿ ನೋಡಿದೆ. ಮೂರು ದಿನವೂ ಹೆಚ್ಚುಕಡಿಮೆ ಒಂದೇ ಥರ ಇದೆ, ಹಾಗಾಗಿ ಲೆಕ್ಕ ಸುಲಭವಾಯಿತು. ಬೆಳಗ್ಗೆ ಒಂದು ಲೋಟ ಹಾಲು, ಅಂದರೆ 150 ಮಿ.ಲೀ. ಅದರಲ್ಲಿ 5 ಗ್ರಾಂ ಪ್ರೋಟೀನ್. ಅದಕ್ಕೆ ಅದ್ದಿಕೊಂಡು ತಿನ್ನುವ ನಾಲ್ಕು ಬಿಸ್ಕತ್ತಿನಲ್ಲಿ 1 ಗ್ರಾಂ. ಶಾಲೆಯ ಡಬ್ಬಿಯ ಚಿತ್ರಾನ್ನಕ್ಕೆ ನೀವು ಹಾಕುವುದು 60 ಗ್ರಾಂ ಅಕ್ಕಿ. ಅದರಲ್ಲಿ ಸುಮಾರು 5 ಗ್ರಾಂ. ಕಡಲೆಕಾಯಿ ಬೀಜವನ್ನೆಲ್ಲ ಆರಿಸಿ ಡಬ್ಬಿಯ ಮೂಲೆಗೆ ತಳ್ಳಿ ವಾಪಸು ತರುತ್ತಾನೆ ಎಂದು ಬರೆದಿದ್ದೀರಿ, ಅದನ್ನು ಲೆಕ್ಕಕ್ಕೆ ಸೇರಿಸಿಲ್ಲ. ಸಂಜೆ ಚಿಪ್ಸ್ ಪೊಟ್ಟಣದಿಂದ 1 ಗ್ರಾಂ. ರಾತ್ರಿ ಅಷ್ಟೇ ಅನ್ನ, ತುಪ್ಪ, ತಿಳಿಸಾರು: 6 ಗ್ರಾಂ. ಎಲ್ಲ ಕೂಡಿದರೆ 18.

ಏಳರಿಂದ ಒಂಬತ್ತು ವರ್ಷದ ಮಕ್ಕಳಿಗೆ ದಿನಕ್ಕೆ 23 ಗ್ರಾಂ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದೆ. ಹಾಗಾಗಿ ಕೊರತೆ 5 ಗ್ರಾಂ. ನೀವು ಹೆದರಿದಷ್ಟು ದೊಡ್ಡದಲ್ಲ, ಬಿಟ್ಟುಬಿಡುವಷ್ಟು ಚಿಕ್ಕದೂ ಅಲ್ಲ. ಇನ್ನೊಂದು ವಿಷಯ ಗಮನಿಸಿ. ಈ 18ರಲ್ಲಿ 10 ಗ್ರಾಂ ಬರೀ ಅಕ್ಕಿಯದು. ಮೈ ಬೆಳೆಯಲು ಬೇಕಾದ ಲೈಸಿನ್ ಎಂಬ ಅಂಶ ಅಕ್ಕಿಯಲ್ಲಿ ಕಡಿಮೆ, ಬೇಳೆಯಲ್ಲಿ ಧಾರಾಳ. ಬೇಳೆಯಲ್ಲಿ ಕಡಿಮೆ ಇರುವುದು ಅಕ್ಕಿಯಲ್ಲಿದೆ. ಒಂದೇ ತಟ್ಟೆಯಲ್ಲಿ ಎರಡೂ ಇದ್ದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಈಗ ಸಾರಿನ ವಿಷಯಕ್ಕೆ ಬರುತ್ತೇನೆ. ನಿಮ್ಮ ಅತ್ತೆಯವರು ಮೊಮ್ಮಗನಿಗೆಂದೇ ಮೇಲಿನ ತಿಳಿಯನ್ನು ಬಗ್ಗಿಸಿ ಬಡಿಸುತ್ತಾರೆ, ಗಟ್ಟಿ ಮಗುವಿಗೆ ಜೀರ್ಣವಾಗುವುದಿಲ್ಲ ಎನ್ನುತ್ತಾರೆ ಎಂದಿರಿ. ಪ್ರೀತಿಯಿಂದಲೇ ಮಾಡುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಆದರೆ ಬೇಳೆ ಬೆಂದಾಗ ನೀರಿಗೆ ಬಿಡುವುದು ಬಹುಪಾಲು ರುಚಿ ಮತ್ತು ಲವಣ. ಪ್ರೋಟೀನ್ ಹೆಚ್ಚಾಗಿ ಬೇಳೆಯ ಕಣದಲ್ಲೇ ಉಳಿದು ತಳಕ್ಕೆ ಇಳಿಯುತ್ತದೆ. ಹುಡುಗನಿಗೇ ಒಂದು ಆಟ ಮಾಡಿಸಿ: ಸಾರನ್ನು ಗಾಜಿನ ಲೋಟಕ್ಕೆ ಹಾಕಿ ಕಾಲು ಗಂಟೆ ಅಲುಗಾಡಿಸದೆ ಇಡಲಿ. ಕೆಳಗೆ ಕೂತ ಹಳದಿ ಪದರ ಎಷ್ಟು ಬೆರಳು ಇದೆ ಎಂದು ಅವನೇ ಅಳೆಯಲಿ. ಅವನ ತಟ್ಟೆಗೆ ಇಷ್ಟು ದಿನ ಬಾರದೆ ಉಳಿದದ್ದು ಅದೇ.

ಆದ್ದರಿಂದ ಮೊದಲ ಬದಲಾವಣೆ ತಿಳಿಸಾರಿನ ಜಾಗಕ್ಕೆ ತೊವ್ವೆ. 20 ಗ್ರಾಂ ತೊಗರಿಬೇಳೆ, ಎಂದರೆ ಊಟದ ದೊಡ್ಡ ಚಮಚದಲ್ಲಿ ಒಂದೂವರೆ, 4 ಗ್ರಾಂ ಪ್ರೋಟೀನ್ ಕೊಡುತ್ತದೆ. ತಿಳಿಸಾರಿನಿಂದ ಸಿಗುತ್ತಿದ್ದದ್ದು 1. ಅತ್ತೆಯವರ ಅಜೀರ್ಣದ ಚಿಂತೆಗೂ ದಾರಿಯಿದೆ: ಬೇಳೆಯನ್ನು ಅರ್ಧ ಗಂಟೆ ನೆನೆಸಿ, ನುಣ್ಣಗಾಗುವವರೆಗೆ ಬೇಯಿಸಿ, ಇಂಗಿನ ಒಗ್ಗರಣೆ ಕೊಡಿ. ಅನ್ನಕ್ಕೆ ಕಲಸುವಾಗ ತುಪ್ಪ ಕಡಿಮೆ ಮಾಡಬೇಡಿ. ಅವನ ಒಟ್ಟು ಊಟವೇ ಸಣ್ಣದು. ಓಡಾಟಕ್ಕೆ ಸಾಕಷ್ಟು ಶಕ್ತಿ ಸಿಗದಿದ್ದರೆ ದೇಹ ಪ್ರೋಟೀನನ್ನೇ ಉರಿಸಿಬಿಡುತ್ತದೆ, ಬೆಳವಣಿಗೆಗೆ ಉಳಿಸುವುದಿಲ್ಲ.

ಎರಡನೆಯದು ಡಬ್ಬಿಯ ಮೂಲೆಗೆ ಹೋಗುವ ಬೀಜ. ಅವನಿಗೆ ಬೇಡವಾದದ್ದು ರುಚಿಯೋ, ಬಾಯಿಗೆ ಸಿಗುವ ಗಟ್ಟಿತನವೋ ಎಂದು ಕೇಳಿದ್ದೆ. ಚಿಕ್ಕಿ ತಿನ್ನುತ್ತಾನೆ ಎಂದಿರಿ, ಹಾಗಾದರೆ ರುಚಿಯ ಮೇಲೆ ದ್ವೇಷವಿಲ್ಲ. ಮೂವತ್ತು ಬೀಜ, ಸುಮಾರು 15 ಗ್ರಾಂ, ಹುರಿದು ಸಿಪ್ಪೆ ತೆಗೆದು ತರಿತರಿಯಾಗಿ ಪುಡಿ ಮಾಡಿ ಚಿತ್ರಾನ್ನಕ್ಕೆ ಬೆರೆಸಿ. ಮೂರೂವರೆ ಗ್ರಾಂ ಬಂತು. ಒಮ್ಮೆಲೇ ಅಷ್ಟನ್ನೂ ಹಾಕಬೇಡಿ, ಮೊದಲ ವಾರ ಒಂದು ಚಿಕ್ಕ ಚಮಚ ಸಾಕು. ಅವನಿಗೆ ಹೇಳದೆ ಬಚ್ಚಿಟ್ಟು ಹಾಕುವುದೂ ಬೇಡ. ಒಮ್ಮೆ ಸಿಕ್ಕಿಬಿದ್ದರೆ ಚಿತ್ರಾನ್ನವನ್ನೇ ಬಿಟ್ಟಾನು, ಆಗ ಇದ್ದ 5 ಗ್ರಾಂ ಕೂಡ ಹೋಯಿತು. ಡಬ್ಬಿ ಹಂಚಿಕೊಳ್ಳುವ ಗೆಳೆಯರಲ್ಲಿ ಕಡಲೆಕಾಯಿ ತಿಂದರೆ ತುಟಿ ಊದುವ, ಮೈ ಕೆರೆಯುವ ಮಕ್ಕಳಿದ್ದರೆ ಅವರಿಗೆ ಕೊಡಬಾರದೆಂದು ಅವನಿಗೆ ತಿಳಿದಿರಬೇಕು.

ಮೂರನೆಯದು ಚಿಪ್ಸ್. ಅದರ ಬದಲು ಒಂದು ಪುಟ್ಟ ಹಿಡಿ ಹುರಿಗಡಲೆ, 20 ಗ್ರಾಂ, ಜೊತೆಗೆ ಚೂರು ಬೆಲ್ಲ. 1 ಗ್ರಾಂ ಇದ್ದದ್ದು 4 ಆಗುತ್ತದೆ. ಕೂತು ಅಗಿದು ತಿನ್ನಲಿ, ಆಡುತ್ತಾ ಓಡುತ್ತಾ ಬೇಡ. ಮನೆಯಲ್ಲಿ ಐದು ವರ್ಷದೊಳಗಿನ ತಂಗಿ ಇದ್ದಾಳಲ್ಲ, ಅವಳಿಗೆ ಇಡೀ ಕಾಳು ಕೊಡಬೇಡಿ. ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಪುಡಿ ಮಾಡಿ ಕೊಡಿ.

ಮೂರೂ ನಡೆದರೆ 27 ದಾಟುತ್ತದೆ. ಎರಡು ನಡೆದರೂ 24. ಒಂದಾದ ಮೇಲೊಂದು, ವಾರಕ್ಕೊಂದರಂತೆ ಮಾಡಿ. ಹೊಸ ತಿನಿಸನ್ನು ಮಕ್ಕಳು ಒಪ್ಪಲು ಹತ್ತು ಹದಿನೈದು ಸಲ ಬೇಕಾಗುವುದುಂಟು. ನಾಲ್ಕನೇ ಸಲಕ್ಕೇ "ಇವನಿಗೆ ಇಷ್ಟವಿಲ್ಲ" ಎಂದು ತೀರ್ಪು ಕೊಡುವುದು ನಾವು. ಬಿಸ್ಕತ್ತಿನ ಜಾಗಕ್ಕೆ ಹೆಸರುಬೇಳೆ ದೋಸೆ ಬಂದರೆ ಇನ್ನೂ ಒಳ್ಳೆಯದು. 30 ಗ್ರಾಂ ಬೇಳೆಯ ಒಂದು ದೋಸೆಯಲ್ಲಿ 7 ಗ್ರಾಂ ಇದೆ. ನಿಮ್ಮ ಮನೆಯಲ್ಲಿ ಮೊಟ್ಟೆ ನಡೆಯುವುದಾದರೆ ಒಂದರಲ್ಲಿ 6 ಗ್ರಾಂ. ಅದಕ್ಕೆ ಅವಸರವಿಲ್ಲ.

ತಿನ್ನುವುದಿಲ್ಲವೆಂದು ಹಾಲನ್ನು ಮೂರು ನಾಲ್ಕು ಲೋಟಕ್ಕೆ ಏರಿಸಬೇಡಿ. ಹಾಲಿನಿಂದ ಹೊಟ್ಟೆ ತುಂಬಿದ ಮಗು ಊಟ ಬಿಡುತ್ತದೆ, ಹಾಲಿನಲ್ಲಿ ಕಬ್ಬಿಣದ ಅಂಶವೂ ತೀರ ಕಡಿಮೆ. ಆ ಡಬ್ಬಿಯ ಹಿಂಬದಿಯ ಫೋಟೊ ಕಳಿಸಿದ್ದೀರಿ, ಓದಿದೆ. ಎರಡು ಚಮಚಕ್ಕೆ 2 ಗ್ರಾಂ ಪ್ರೋಟೀನ್, ಅದಕ್ಕಿಂತ ಹೆಚ್ಚು ಸಕ್ಕರೆ. ಆ 2 ಗ್ರಾಂ ಹತ್ತು ಗ್ರಾಂ ಹುರಿಗಡಲೆಯಲ್ಲಿದೆ. ಬಿಲ್ ಇದ್ದರೆ ಅಂಗಡಿಗೆ ವಾಪಸು ಕೊಡಿ.

ತಿಂಗಳಿಗೊಮ್ಮೆ ಒಂದೇ ತಕ್ಕಡಿಯಲ್ಲಿ ತೂಕ, ಮೂರು ತಿಂಗಳಿಗೊಮ್ಮೆ ಗೋಡೆಗೆ ನಿಲ್ಲಿಸಿ ಎತ್ತರ ಬರೆದಿಡಿ. ಮೂರು ತಿಂಗಳಾದರೂ ತೂಕ ಅಲ್ಲೇ ನಿಂತರೆ, ಇಳಿದರೆ, ನುಂಗುವಾಗ ನೋವು ಎಂದರೆ, ಪದೇ ಪದೇ ಭೇದಿಯಾದರೆ ಅದು ಹಟವಲ್ಲ. ಮಕ್ಕಳ ವೈದ್ಯರಿಗೆ ತೋರಿಸಬೇಕು.

ಇಷ್ಟು ಬರೆದು ಕಳಿಸಿದ್ದೆ. ಮೂರು ವಾರದ ಮೇಲೆ ಉತ್ತರ ಬಂತು. ತೊವ್ವೆ ಎರಡನೇ ದಿನಕ್ಕೇ ಒಪ್ಪಿದನಂತೆ, ಗಾಜಿನ ಲೋಟದ ಹಳದಿ ಪದರವನ್ನು ಸ್ಕೇಲಿನಲ್ಲಿ ಅಳೆದು ಅಜ್ಜಿಗೆ ತೋರಿಸಿದ್ದೂ ಅವನೇ. ಕಡಲೆಕಾಯಿ ಪುಡಿ ಉತ್ಸಾಹದಲ್ಲಿ ಜಾಸ್ತಿಯಾಗಿ ಒಂದು ದಿನ ಡಬ್ಬಿ ಹಾಗೇ ವಾಪಸು ಬಂದಿದೆ; ಈಗ ಮತ್ತೆ ಚಿಕ್ಕ ಚಮಚದಿಂದ ಶುರು. ಹುರಿಗಡಲೆಯ ವಿಷಯದಲ್ಲಿ ಬೆಲ್ಲ ಮೊದಲು ಖಾಲಿಯಾಗುತ್ತದಂತೆ. ಹೆಸರುಬೇಳೆ ದೋಸೆಯನ್ನು ಮೂಸಿ ನೋಡಿ ತಟ್ಟೆ ಸರಿಸಿದ್ದು ಇದುವರೆಗೆ ನಾಲ್ಕು ಸಲ. ಅಜ್ಜಿ ಮಾತ್ರ ತಿಳಿಸಾರನ್ನು ಈಗ ತಮಗೇ ಬಗ್ಗಿಸಿಕೊಳ್ಳುತ್ತಾರೆ ಎಂದು ಬರೆದಿದ್ದರು. ಅವರ ಪ್ರೋಟೀನ್ ಲೆಕ್ಕವನ್ನೂ ಮಾಡಬೇಕು, ಮುಂದಿನ ಸಲ ಅವರನ್ನೂ ಕರೆದುಕೊಂಡು ಬನ್ನಿ ಎಂದಿದ್ದೇನೆ.