ಬ್ರೇಕ್‌ಈವನ್ ಹೇಳದ ಲೆಕ್ಕ

ನಿಫ್ಟಿ 25,000ದಲ್ಲಿದೆ ಎಂದುಕೊಳ್ಳಿ. ತಿಂಗಳ ಕೊನೆಗೆ ಮುಗಿಯುವ 24,500ರ ಪುಟ್ ಆಪ್ಶನ್ ಅನ್ನು ನೀವು 40 ರೂಪಾಯಿಗೆ ಮಾರುತ್ತೀರಿ. ನಿಮ್ಮ ಬ್ರೇಕ್‌ಈವನ್ 24,460. ಮಾರುಕಟ್ಟೆ 540 ಅಂಶ ಬಿದ್ದರೂ ಕೈಯಿಂದ ಹೋಗುವುದಿಲ್ಲ ಎಂದು ಸಮಾಧಾನವಾಗುತ್ತದೆ.

ಆದರೆ ಈ ಅಂಕಿ ನಷ್ಟ ಎಲ್ಲಿಂದ ಶುರುವಾಗುತ್ತದೆ ಎಂದಷ್ಟೇ ಹೇಳುತ್ತದೆ. ಅಲ್ಲಿಗೆ ತಲುಪುವ ಸಂಭವ ಎಷ್ಟು, ತಲುಪಿದರೆ ಎಷ್ಟು ಆಳಕ್ಕೆ ಬೀಳಬಹುದು ಎಂಬುದನ್ನು ಹೇಳುವುದಿಲ್ಲ.

ಲಾಭದ ಸಂಭವ ಶೇ. 85 ಎಂದಿಟ್ಟುಕೊಳ್ಳೋಣ. ಗೆದ್ದಾಗ ಸಿಗುವುದು ಹೆಚ್ಚೆಂದರೆ 40 ರೂಪಾಯಿ. ಉಳಿದ ಶೇ. 15ರಲ್ಲಿ ಸರಾಸರಿ ನಷ್ಟ 260 ಎಂದಾದರೆ, 0.85 × 40 = 34; 0.15 × 260 = 39. ಅಂದರೆ ಪ್ರತಿ ವಹಿವಾಟಿನ ನಿರೀಕ್ಷಿತ ಮೌಲ್ಯ ಮೈನಸ್ 5 ರೂಪಾಯಿ. ಬ್ರೋಕರೇಜ್, ತೆರಿಗೆ ಬೇರೆ. ಹತ್ತರಲ್ಲಿ ಎಂಟು ಸಲ ಗೆಲ್ಲುವವನೂ ಹೀಗೆ ನಿಧಾನವಾಗಿ ಬರಿಗೈಯಾಗುತ್ತಾನೆ.

ಸಂಭವದ ಒರಟು ಅಂದಾಜಿಗೆ ಆಪ್ಶನ್‌ನ ಡೆಲ್ಟಾ ನೋಡಬಹುದು: ಚಿಹ್ನೆ ಬಿಟ್ಟು 0.15 ಇದ್ದರೆ, ಕೊನೆಯ ದಿನ ನಿಫ್ಟಿ 24,500ಕ್ಕಿಂತ ಕೆಳಗಿರುವ ಸಂಭವ ಸುಮಾರು ಶೇ. 15. ನಷ್ಟದ ಆಳಕ್ಕೆ ಇಂಥ ಸಿದ್ಧ ಅಂಕಿ ಇಲ್ಲ. ಹಿಂದಿನ ಕುಸಿತಗಳನ್ನು ನೋಡಿ ಅಂದಾಜಿಸಬೇಕು. ಎರಡನ್ನೂ ಗುಣಿಸಿ ನೋಡದೆ ಆರ್ಡರ್ ಹಾಕಬೇಡಿ.